ಕಂಪನಿ ಹಿಡಿದ ಫ್ಲ್ಯಾಟು: ಸಹಿ ಯಾರದು, ತೆರಿಗೆ ಯಾರದು, ಕೆಲಸ ಬಿಟ್ಟ ಮೇಲೆ ಮನೆ ಯಾರದು?

ಪ್ರಶ್ನೆ: ಪುಣೆಯಿಂದ ಹುಬ್ಬಳ್ಳಿಗೆ ವರ್ಗವಾಗಿ ಬಂದಿದ್ದೇನೆ. ಗೋಕುಲ ರಸ್ತೆಯಲ್ಲಿ ಒಂದು ಫ್ಲ್ಯಾಟು ನೋಡಿದ್ದೇವೆ. ಬಾಡಿಗೆ ತಿಂಗಳಿಗೆ 28,000 ರೂಪಾಯಿ, ಡಿಪಾಜಿಟ್ ಒಂದೂವರೆ ಲಕ್ಷ, ಎರಡನ್ನೂ ಕಂಪನಿಯೇ ಕೊಡುತ್ತದೆ. ಕರಾರಿಗೆ ನಾನು ಸಹಿ ಹಾಕಿದರೆ ಸಾಕು ಎಂದು ಎಚ್‌ಆರ್ ವಿಭಾಗದವರು ಹೇಳುತ್ತಾರೆ, ಮನೆಯ ಮಾಲೀಕರು ಕಂಪನಿಯ ಸಹಿಯೇ ಬೇಕು ಎನ್ನುತ್ತಾರೆ. ನನ್ನ ವಾರ್ಷಿಕ ಸಂಬಳ 18 ಲಕ್ಷ, ಹೊಸ ತೆರಿಗೆ ಪದ್ಧತಿಯಲ್ಲಿದ್ದೇನೆ. ಯಾರು ಸಹಿ ಮಾಡಬೇಕು? ತೆರಿಗೆ ಯಾರಿಗೆ ಬರುತ್ತದೆ? ಒಂದೂವರೆ ವರ್ಷದಲ್ಲಿ ನಾನು ಕೆಲಸ ಬಿಟ್ಟರೆ ಮನೆಯ ಗತಿ ಏನು?

ಉತ್ತರ: ನಿಮ್ಮ ಮೂರು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಉತ್ತರ ಸಿಕ್ಕರೆ ಉಳಿದೆರಡಕ್ಕೂ ತಾನಾಗಿ ಸಿಗುತ್ತದೆ. ಬಾಡಿಗೆಯ ಹಣ ಯಾರ ಖಾತೆಯಿಂದ ಹೋಗುತ್ತದೆ ಎಂಬುದಕ್ಕಿಂತ, ಕರಾರಿನಲ್ಲಿ ಬಾಡಿಗೆದಾರ ಎಂದು ಯಾರ ಹೆಸರಿದೆ ಎಂಬುದನ್ನೇ ಕಾನೂನು ಮೊದಲು ನೋಡುತ್ತದೆ. ಎಚ್‌ಆರ್ ವಿಭಾಗದವರು ಇದನ್ನು ಬರೀ ಕಾಗದದ ಅನುಕೂಲದ ಮಾತಾಗಿ ಹೇಳಿದ್ದರೂ, ಆ ಒಂದು ಸಹಿಯಿಂದ ವರ್ಷಕ್ಕೆ ಹತ್ತಾರು ಸಾವಿರ ರೂಪಾಯಿಯ ಭಾರ ಕಂಪನಿಯಿಂದ ನಿಮ್ಮ ಕಡೆಗೆ ಸರಿಯುತ್ತದೆ. ಕೆಳಗಿನ ಲೆಕ್ಕಗಳೆಲ್ಲ 2025-26ರ ಆರ್ಥಿಕ ವರ್ಷದವು. 2026ರ ಏಪ್ರಿಲ್ 1ರಿಂದ 1961ರ ಆದಾಯ ತೆರಿಗೆ ಕಾಯಿದೆಯ ಜಾಗಕ್ಕೆ 2025ರ ಹೊಸ ಕಾಯಿದೆ ಬರುವುದರಿಂದ ಕಲಮುಗಳ ಸಂಖ್ಯೆಗಳು ಬದಲಾಗುತ್ತವೆ. ಆದ್ದರಿಂದ ಅವುಗಳನ್ನು ತೀರ ಅಗತ್ಯವಿರುವಲ್ಲಿ ಮಾತ್ರ ಹೇಳುತ್ತೇನೆ.

ಮೊದಲು ಒಂದು ಸಣ್ಣ ಎಚ್ಚರಿಕೆ. ಮಾಲೀಕರೊಡನೆ ಮಾತನಾಡುವಾಗ ‘ಲೀಸ್’ ಎಂಬ ಪದವನ್ನು ಬಿಡಿಸಿ ಹೇಳಿರಿ. ನಮ್ಮಲ್ಲಿ ಲೀಸಿಗೆ ಕೊಡುವುದು ಎಂದರೆ ಬಹಳ ಜನರಿಗೆ ಭೋಗ್ಯಕ್ಕೆ ಕೊಡುವುದು, ಅಂದರೆ ಒಂದು ದೊಡ್ಡ ಮೊತ್ತವನ್ನು ಇಟ್ಟುಕೊಂಡು ತಿಂಗಳ ಬಾಡಿಗೆ ಇಲ್ಲದೆ ಮನೆ ಬಿಟ್ಟುಕೊಡುವುದು ಎಂದೇ ಅರ್ಥ. ಕಂಪನಿ ಲೀಸ್ ಎಂದರೆ ಹಾಗಲ್ಲ. ತಿಂಗಳ ಬಾಡಿಗೆಯ ಮನೆಯೇ, ಬಾಡಿಗೆದಾರ ಮಾತ್ರ ವ್ಯಕ್ತಿಯಲ್ಲ, ಕಂಪನಿ. ಈ ಒಂದು ಪದದ ಗೊಂದಲದಿಂದ ಮಾತುಕತೆ ಮುಗಿದ ಮೇಲೆ ವ್ಯವಹಾರ ಮುರಿದುಬಿದ್ದದ್ದನ್ನು ನಾನು ಕಂಡಿದ್ದೇನೆ.

ಈಗ ಸಹಿಯ ವಿಷಯ. ಕಂಪನಿಯೇ ಬಾಡಿಗೆದಾರನಾಗಿ ಸಹಿ ಮಾಡಿದರೆ ಮನೆಯನ್ನು ಹಿಡಿದವರು ಕಂಪನಿ, ಅದರಲ್ಲಿ ವಾಸಿಸುವವರು ನೀವು. ಆದಾಯ ತೆರಿಗೆಯ ಕಣ್ಣಿಗೆ ಇದು ಮಾಲೀಕ ಸಂಸ್ಥೆ ತನ್ನ ನೌಕರನಿಗೆ ಒದಗಿಸಿದ ವಸತಿ. ಇದರ ಬೆಲೆಯನ್ನು ಕಟ್ಟಲು 1962ರ ಆದಾಯ ತೆರಿಗೆ ನಿಯಮಗಳ 3ನೇ ನಿಯಮದಲ್ಲಿ ಒಂದು ವಿಶೇಷ ಸೂತ್ರವಿದೆ: ಕಂಪನಿ ಕೊಡುವ ನಿಜವಾದ ಬಾಡಿಗೆ ಅಥವಾ ನಿಮ್ಮ ಸಂಬಳದ ನೂರಕ್ಕೆ ಹತ್ತು, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ಮಾತ್ರ ನಿಮ್ಮ ಆದಾಯಕ್ಕೆ ಸೇರಿಸಬೇಕು. 2023ರ ಸೆಪ್ಟೆಂಬರ್ 1ರವರೆಗೆ ಈ ಪ್ರಮಾಣ ನೂರಕ್ಕೆ ಹದಿನೈದು ಇತ್ತು. ಊರಿನ ಜನಸಂಖ್ಯೆಯನ್ನು ನೋಡಿ ಪ್ರಮಾಣವನ್ನು ಇಳಿಸುವ ಪದ್ಧತಿ ಕಂಪನಿಯ ಸ್ವಂತ ಕ್ವಾರ್ಟರ್ಸಿಗೆ ಅನ್ವಯಿಸುತ್ತದೆಯೇ ಹೊರತು ಬಾಡಿಗೆಗೆ ಹಿಡಿದ ಮನೆಗೆ ಅಲ್ಲ. ಆದ್ದರಿಂದ ಹುಬ್ಬಳ್ಳಿಯಲ್ಲಿದ್ದೀರಿ ಎಂದು ನಿಮಗೆ ರಿಯಾಯಿತಿ ಸಿಗುವುದಿಲ್ಲ, ಬೆಂಗಳೂರಿನಲ್ಲಿದ್ದರೂ ಸೂತ್ರ ಇದೇ. ಇಲ್ಲಿ ಸಂಬಳ ಎಂದರೆ ಮೂಲ ವೇತನ, ತೆರಿಗೆಗೆ ಒಳಪಡುವ ಭತ್ಯೆಗಳು ಮತ್ತು ಬೋನಸ್ ಎಲ್ಲ ಸೇರಿದ ಮೊತ್ತ. ಭವಿಷ್ಯ ನಿಧಿಗೆ ಕಂಪನಿ ಕಟ್ಟುವ ಪಾಲು ಇದರಲ್ಲಿ ಬರುವುದಿಲ್ಲ. ನೀವು ಹೇಳಿದ 18 ಲಕ್ಷ ಹೀಗೆ ಎಣಿಸಿದ ಮೊತ್ತವೆಂದೇ ತಿಳಿದು ಮುಂದುವರಿಯುತ್ತೇನೆ.

ಕರಾರಿಗೆ ನೀವು ಸಹಿ ಮಾಡಿ, ಬಾಡಿಗೆಯನ್ನು ಕಂಪನಿ ನೇರವಾಗಿ ಮಾಲೀಕರಿಗೆ ಕಳಿಸಿದರೆ ಚಿತ್ರ ಬೇರೆಯಾಗುತ್ತದೆ. ಆಗ ಬಾಡಿಗೆ ಕೊಡುವ ಹೊಣೆ ನಿಮ್ಮದು. ನಿಮ್ಮ ಸಾಲವನ್ನು ಕಂಪನಿ ತೀರಿಸುತ್ತಿದೆ ಎಂದಷ್ಟೇ ಅರ್ಥ. ನೌಕರನ ವೈಯಕ್ತಿಕ ಹೊಣೆಯನ್ನು ಮಾಲೀಕ ಸಂಸ್ಥೆ ತೀರಿಸಿದರೆ ಆ ಇಡೀ ಮೊತ್ತವೇ ನೌಕರನಿಗೆ ಸಂದ ಸವಲತ್ತು ಎಂದು 1961ರ ಕಾಯಿದೆಯ 17ನೇ ಕಲಮು ಹೇಳುತ್ತದೆ. ನೂರಕ್ಕೆ ಹತ್ತರ ಮಿತಿ ಇಲ್ಲಿ ನಿಮ್ಮ ನೆರವಿಗೆ ಬರುವುದಿಲ್ಲ. ಮನೆ ಬಾಡಿಗೆ ಭತ್ಯೆಯ ವಿನಾಯಿತಿಯನ್ನಾದರೂ ಕೇಳೋಣವೆಂದರೆ, ಹೊಸ ಪದ್ಧತಿಯಲ್ಲಿ ಅದು ಇಲ್ಲವೇ ಇಲ್ಲ. ಹಳೆಯ ಪದ್ಧತಿಯಲ್ಲಿಯೂ ಭತ್ಯೆಯನ್ನು ಕೈಗೆ ಪಡೆದು ಬಾಡಿಗೆಯನ್ನು ನೀವೇ ಕೊಟ್ಟಿದ್ದರೆ ಮಾತ್ರ ಅದು ದೊರೆಯುತ್ತದೆ.

ಈ ಎರಡು ದಾರಿಗಳನ್ನು ನಿಮ್ಮ ಅಂಕಿಗಳಲ್ಲಿಯೇ ಇಟ್ಟು ನೋಡೋಣ. ವರ್ಷದ ಬಾಡಿಗೆ 3,36,000 ರೂಪಾಯಿ. ಕಂಪನಿ ಸಹಿ ಮಾಡಿದರೆ ನಿಮ್ಮ ಆದಾಯಕ್ಕೆ ಸೇರುವುದು 18 ಲಕ್ಷದ ನೂರಕ್ಕೆ ಹತ್ತು, ಅಂದರೆ 1,80,000 ಮಾತ್ರ. ಸಂಬಳಕ್ಕೆ ಇದನ್ನು ಕೂಡಿಸಿ, ಹೊಸ ಪದ್ಧತಿಯ 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ ತೆರಿಗೆಗೆ ಒಳಪಡುವ ಆದಾಯ 19,05,000. ಇದರ ಮೇಲಿನ ತೆರಿಗೆ ನೂರಕ್ಕೆ ನಾಲ್ಕರ ಸೆಸ್ ಸೇರಿ 1,88,240. ನೀವು ಸಹಿ ಮಾಡಿದರೆ 3,36,000 ಪೂರ್ತಿಯಾಗಿ ಸೇರಿ ಆದಾಯ 20,61,000 ಆಗುತ್ತದೆ, ತೆರಿಗೆ 2,23,860ಕ್ಕೆ ಏರುತ್ತದೆ. ವ್ಯತ್ಯಾಸ 35,620 ರೂಪಾಯಿ. ಮನೆ ಅದೇ, ಬಾಡಿಗೆ ಅದೇ, ಹಣ ಹೊರಡುವ ಖಾತೆಯೂ ಅದೇ; ಬದಲಾದದ್ದು ಸಹಿಯೊಂದೇ.

ಹಾಗಾದರೆ ಕಂಪನಿ ಏಕೆ ಹಿಂಜರಿಯುತ್ತದೆ? ಇದಕ್ಕೆ ಕಾರಣ ಜಿಎಸ್‌ಟಿ. ವಾಸದ ಮನೆಯನ್ನು ವಾಸಕ್ಕಾಗಿ ಬಾಡಿಗೆಗೆ ಕೊಟ್ಟರೆ ಜಿಎಸ್‌ಟಿ ಇಲ್ಲ ಎಂಬುದು ಮೊದಲಿನಿಂದ ಇದ್ದ ನಿಯಮ. ಆದರೆ 2022ರ ಜುಲೈ 18ರಿಂದ, ಬಾಡಿಗೆದಾರರು ಜಿಎಸ್‌ಟಿ ನೋಂದಣಿ ಇರುವವರಾದರೆ ಈ ವಿನಾಯಿತಿಯನ್ನು ತೆಗೆದುಹಾಕಲಾಯಿತು. ಪ್ರಮಾಣ ನೂರಕ್ಕೆ ಹದಿನೆಂಟು, ಮತ್ತು ಅದನ್ನು ಕಟ್ಟಬೇಕಾದವರು ಮನೆಯ ಮಾಲೀಕರಲ್ಲ, ಬಾಡಿಗೆದಾರ ಕಂಪನಿ. ವ್ಯವಹಾರದ ಮಾತಿನಲ್ಲಿ ಇದಕ್ಕೆ ರಿವರ್ಸ್ ಚಾರ್ಜ್ ಎನ್ನುತ್ತಾರೆ. ನಿಮ್ಮ ಫ್ಲ್ಯಾಟಿನ ಮೇಲೆ ಇದು ತಿಂಗಳಿಗೆ 5,040, ವರ್ಷಕ್ಕೆ 60,480 ರೂಪಾಯಿ. ಕರಾರಿನಲ್ಲಿ ಬಾಡಿಗೆದಾರರು ನೀವಾಗಿದ್ದರೆ, ನಿಮಗೆ ಜಿಎಸ್‌ಟಿ ನೋಂದಣಿ ಇಲ್ಲದ ಕಾರಣ ಹಳೆಯ ವಿನಾಯಿತಿ ಹಾಗೆಯೇ ಉಳಿದು ಈ ಖರ್ಚು ಹುಟ್ಟುವುದೇ ಇಲ್ಲ. ಎಚ್‌ಆರ್ ವಿಭಾಗದ ಸಲಹೆಯ ಹಿಂದಿರುವ ಲೆಕ್ಕ ಬಹುಶಃ ಇದೇ. ಬೇರೆ ಖರೀದಿಗಳ ಮೇಲೆ ಕಟ್ಟಿದ ಜಿಎಸ್‌ಟಿಯಿಂದ ಗಳಿಸಿದ ಕ್ರೆಡಿಟ್ ಬಳಸಿ ಈ ಹಣವನ್ನು ಹೊಂದಿಸಲು ಬರುವುದಿಲ್ಲ, ನಗದಾಗಿಯೇ ಕಟ್ಟಬೇಕು. ಕಟ್ಟಿದ ನಂತರ ಕ್ರೆಡಿಟ್ ಪಡೆಯಬಹುದೇ ಎಂಬುದರಲ್ಲಿ ತಜ್ಞರಲ್ಲಿ ಒಮ್ಮತವಿಲ್ಲ, ಏಕೆಂದರೆ ವೈಯಕ್ತಿಕ ಬಳಕೆಯ ಸೇವೆಗೆ ಕ್ರೆಡಿಟ್ ಇಲ್ಲ ಎನ್ನುವ ಕಲಮು ಅಡ್ಡ ನಿಲ್ಲುತ್ತದೆ. ನೌಕರನ ವಾಸವು ಕಂಪನಿಯ ವ್ಯವಹಾರದ ಭಾಗವೋ ನೌಕರನ ವೈಯಕ್ತಿಕ ಬಳಕೆಯೋ ಎಂಬುದೇ ವಾದದ ವಿಷಯ. ಎಚ್ಚರಿಕೆಯ ಲೆಕ್ಕಿಗರು ಇದನ್ನು ಖರ್ಚೆಂದೇ ಹಿಡಿಯುತ್ತಾರೆ, ನಾನೂ ಹಾಗೆಯೇ ಹಿಡಿದಿದ್ದೇನೆ.

ಈ ಎರಡೂ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಒಂದು ಮಾತು ಸ್ಪಷ್ಟವಾಗುತ್ತದೆ. ಕಂಪನಿ ಸಹಿ ಮಾಡಿದರೆ ನಿಮಗೆ 35,620 ಉಳಿಯುತ್ತದೆ, ಕಂಪನಿಗೆ 60,480 ಹೋಗುತ್ತದೆ. ನೀವು ಸಹಿ ಮಾಡಿದರೆ ಕಂಪನಿಗೆ 60,480 ಉಳಿದು, ನಿಮ್ಮ ಕೈಯಿಂದ 35,620 ಹೋಗುತ್ತದೆ. ಆದ್ದರಿಂದ ಬರೀ ತೆರಿಗೆಯನ್ನು ನೋಡಿದರೆ, ಇಬ್ಬರಿಗೂ ಸೇರಿ ಕಡಿಮೆ ಖರ್ಚಿನದು ನಿಮ್ಮ ಸಹಿಯ ದಾರಿಯೇ; ಅನ್ಯಾಯವಿರುವುದು ಉಳಿತಾಯವೆಲ್ಲ ಒಬ್ಬರಿಗೆ, ಖರ್ಚೆಲ್ಲ ಇನ್ನೊಬ್ಬರಿಗೆ ಹೋಗುವುದರಲ್ಲಿ. ಇದನ್ನು ಸರಿಪಡಿಸಲು ನೀವು ಸಂಬಳದಲ್ಲಿ ವರ್ಷಕ್ಕೆ ಸುಮಾರು 48,000 ರೂಪಾಯಿ ಹೆಚ್ಚಳವನ್ನು ಕೇಳಬಹುದು. ನಿಮ್ಮ ಆದಾಯದ ಆ ಹಂತದಲ್ಲಿ ಸೆಸ್ ಸೇರಿ ನೂರಕ್ಕೆ 26 ತೆರಿಗೆ ಹೋಗುವುದರಿಂದ, ಕೈಯಲ್ಲಿ 35,620 ಉಳಿಯಬೇಕಾದರೆ ಅಷ್ಟು ಬೇಕು. ಅಷ್ಟು ಕೊಟ್ಟರೂ ಕಂಪನಿಗೆ ವರ್ಷಕ್ಕೆ ಸುಮಾರು 12,000 ಉಳಿಯುತ್ತದೆ. ಈ ಮಾತನ್ನು ಎಚ್‌ಆರ್ ವಿಭಾಗಕ್ಕಿಂತ ಲೆಕ್ಕಪತ್ರ ವಿಭಾಗದವರ ಮುಂದೆ ಇಟ್ಟರೆ ಬೇಗ ಅರ್ಥವಾಗುತ್ತದೆ ಎಂಬುದು ನನ್ನ ಅನುಭವ.

ಇಷ್ಟು ಹೇಳಿದ ಮೇಲೂ, ನಿಮ್ಮ ಸ್ಥಿತಿಯಲ್ಲಿ ಕಂಪನಿಯೇ ಸಹಿ ಮಾಡಲಿ ಎಂಬುದೇ ನನ್ನ ಅಭಿಪ್ರಾಯ. ಕಾರಣ ನಿಮ್ಮ ಮೂರನೆಯ ಪ್ರಶ್ನೆಯಲ್ಲಿಯೇ ಇದೆ: ಒಂದೂವರೆ ವರ್ಷದಲ್ಲಿ ಬಿಡಬಹುದೆಂದು ನೀವೇ ಹೇಳುತ್ತಿದ್ದೀರಿ. ನಿಮ್ಮ ಹೆಸರಿನಲ್ಲಿ ಕರಾರಿದ್ದರೆ ನೀವು ಕೆಲಸ ಬಿಟ್ಟ ದಿನ ಕಂಪನಿ ಬಾಡಿಗೆ ನಿಲ್ಲಿಸುತ್ತದೆ, ಕರಾರು ಮಾತ್ರ ನಿಲ್ಲುವುದಿಲ್ಲ. ನೋಟಿಸಿನ ತಿಂಗಳುಗಳ ಬಾಡಿಗೆ, ನಡುವೆ ಮನೆ ಬಿಡಬಾರದೆಂದು ಒಪ್ಪಿದ ಲಾಕ್-ಇನ್ ಅವಧಿ ಉಳಿದಿದ್ದರೆ ಅದರದೂ, ನೀವೇ ಕೊಡಬೇಕಾಗುತ್ತದೆ. ಎರಡು ತಿಂಗಳ ಬಾಡಿಗೆ ಎಂದರೇ 56,000. ತೆರಿಗೆಯ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ. ಐದಾರು ವರ್ಷ ಒಂದೇ ಕಡೆ ಇರುವವರಿಗೆ ನಾನು ಬೇರೆ ಸಲಹೆ ಕೊಡುತ್ತಿದ್ದೆನೋ ಏನೋ.

ಕಂಪನಿ ಸಹಿ ಮಾಡುವಾಗ ಯಾವ ಕಾಗದಗಳು ಇರಬೇಕು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಮುಂದೆ ಜಗಳವಾಗುವುದು ಇಲ್ಲಿ ಬಿಟ್ಟ ಜಾಗಗಳಲ್ಲಿಯೇ. ಮಾಲೀಕರು ಮತ್ತು ಕಂಪನಿಯ ನಡುವೆ ಒಂದು ಬಾಡಿಗೆ ಕರಾರು ಇರಬೇಕು. ಅದಕ್ಕೆ ಕಂಪನಿಯ ಪರವಾಗಿ ಸಹಿ ಹಾಕುವವರಿಗೆ ಆಡಳಿತ ಮಂಡಳಿಯ ಠರಾವಿನಿಂದಲೋ ಅಧಿಕಾರ ಪತ್ರದಿಂದಲೋ ಆ ಅಧಿಕಾರ ಬಂದಿರಬೇಕು, ಅದರ ಪ್ರತಿ ಮಾಲೀಕರ ಕೈಯಲ್ಲಿರಬೇಕು. ಬಾಡಿಗೆಯೂ ಡಿಪಾಜಿಟ್ಟೂ ಯಾವ ಖಾತೆಯಿಂದ ಬರುತ್ತವೆ, ಡಿಪಾಜಿಟ್ ಯಾವ ಖಾತೆಗೆ ಮರಳಬೇಕು ಎಂಬುದನ್ನು ಕರಾರಿನಲ್ಲಿಯೇ ಬರೆಯಬೇಕು. ಕಂಪನಿಯ ಕೇಂದ್ರ ಕಚೇರಿ ಪುಣೆಯಲ್ಲಿದ್ದರೂ ಕರಾರಿನಲ್ಲಿ ಕರ್ನಾಟಕದ ಜಿಎಸ್‌ಟಿ ನೋಂದಣಿ ಸಂಖ್ಯೆಯೇ ಇರಲಿ. ಸ್ಥಿರಾಸ್ತಿಯ ಬಾಡಿಗೆಯ ತೆರಿಗೆ ಆ ಆಸ್ತಿ ಇರುವ ರಾಜ್ಯವನ್ನು ಹಿಡಿದು ನಿರ್ಧಾರವಾಗುತ್ತದೆ.

ಎರಡನೆಯದು ಕಂಪನಿ ಮತ್ತು ನಿಮ್ಮ ನಡುವಿನ ವಸತಿ ಪತ್ರ. ನೌಕರಿಯಲ್ಲಿರುವಷ್ಟು ಕಾಲ ಈ ಮನೆಯಲ್ಲಿ ವಾಸಿಸಲು ನಿಮಗೆ ಅನುಮತಿ ಇದೆ, ಬಾಡಿಗೆದಾರನ ಹಕ್ಕು ನಿಮಗಿಲ್ಲ, ಕೆಲಸ ಬಿಟ್ಟ ದಿನದಿಂದ ಇಂತಿಷ್ಟು ದಿನದಲ್ಲಿ ಮನೆ ಖಾಲಿ ಮಾಡಬೇಕು ಎಂಬುದು ಅದರ ತಿರುಳು. ಈ ಪತ್ರ ಕಂಪನಿಗೆ ಮಾತ್ರ ಬೇಕಾದದ್ದೆಂದು ತಿಳಿಯಬೇಡಿ. ಖಾಲಿ ಮಾಡಲು ನಿಮಗೆ ಸಿಗುವ ದಿನಗಳೂ, ಗೋಡೆಗೆ ಬಣ್ಣ ಹಚ್ಚುವ ಖರ್ಚು ನಿಮ್ಮದಲ್ಲ ಎಂಬ ಮಾತೂ ಇದರಲ್ಲಿಯೇ ಬರಬೇಕು. ಜೊತೆಗೆ ಮನೆಯಲ್ಲಿರುವ ಫ್ಯಾನು, ಗೀಸರು, ಅಡುಗೆಮನೆಯ ಕಪಾಟುಗಳ ಪಟ್ಟಿಯೊಂದನ್ನು ಫೋಟೋ ಸಹಿತ ಮೂವರೂ ಸಹಿ ಮಾಡಿ ಇಟ್ಟುಕೊಳ್ಳಿರಿ.

ನೀವು ಮಾಡಬಾರದ ಒಂದು ಸಹಿ ಇದೆ. ಕೆಲವು ಮಾಲೀಕರು ಕಂಪನಿಯ ಕರಾರಿನಲ್ಲಿಯೇ ಕೊನೆಗೆ ನೌಕರನನ್ನು ಜಾಮೀನುದಾರ ಎಂದೋ ಒಪ್ಪಿಗೆಯ ಪಕ್ಷಗಾರ ಎಂದೋ ಸೇರಿಸಲು ಕೇಳುತ್ತಾರೆ. ವಾಸಿಸುವವರ ಹೆಸರನ್ನು ಕರಾರಿನಲ್ಲಿ ಬರೆಯುವುದರಲ್ಲಿ ತಪ್ಪಿಲ್ಲ, ಪೊಲೀಸ್ ಮಾಹಿತಿಗೂ ಅಪಾರ್ಟ್‌ಮೆಂಟ್ ಸಂಘಕ್ಕೂ ಅದು ಬೇಕಾಗುತ್ತದೆ; ಆದರೆ ಜಾಮೀನುದಾರನಾಗಿ ಸಹಿ ಹಾಕಿದರೆ ಕಂಪನಿ ಬಾಡಿಗೆ ಬಾಕಿ ಇಟ್ಟ ದಿನ ಮಾಲೀಕರು ನಿಮ್ಮ ಬಾಗಿಲಿಗೆ ಬರಬಹುದು. ಆ ಸಹಿ ಇಲ್ಲದಿದ್ದರೆ ಬಾಕಿ ಕಂಪನಿಯದೇ. ಇನ್ನೊಂದು ಮಗ್ಗುಲನ್ನೂ ಹೇಳಬೇಕು: ಕಂಪನಿ ಬಾಡಿಗೆ ಕೊಡದೆ ಕರಾರು ರದ್ದಾದರೆ, ನಾನು ತಪ್ಪು ಮಾಡಿಲ್ಲ ಎಂದು ಮನೆಯಲ್ಲಿ ಉಳಿಯುವ ಸ್ವತಂತ್ರ ಹಕ್ಕು ನಿಮಗಿರುವುದಿಲ್ಲ. ಕಂಪನಿಯ ಹಕ್ಕು ಮುಗಿದಲ್ಲಿ ನಿಮ್ಮ ಅನುಮತಿಯೂ ಮುಗಿಯುತ್ತದೆ.

ಕರಾರಿನ ಅವಧಿಯ ಬಗ್ಗೆ ನಮ್ಮ ಊರಿನಲ್ಲಿ ಒಂದು ರೂಢಿ ಬೇರೂರಿದೆ: ಏನೇ ಇರಲಿ, ಇ-ಸ್ಟ್ಯಾಂಪ್ ಕಾಗದದ ಮೇಲೆ ಹನ್ನೊಂದು ತಿಂಗಳು. ಒಂದು ವರ್ಷವನ್ನು ಮೀರಿದ ಬಾಡಿಗೆ ಕರಾರನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಲೇಬೇಕು ಎಂದು ನೋಂದಣಿ ಕಾಯಿದೆಯೂ ಆಸ್ತಿ ವರ್ಗಾವಣೆ ಕಾಯಿದೆಯೂ ಹೇಳುವುದೇ ಈ ಹನ್ನೊಂದರ ಗುಟ್ಟು. ಅಷ್ಟು ಅವಧಿಗೆ ಅದು ಸರಿಯೇ. ತೊಂದರೆ ಬರುವುದು ಮಾಲೀಕರು ಎರಡು ವರ್ಷದ ಲಾಕ್-ಇನ್ ಕೇಳಿ, ಕಂಪನಿಯೂ ಒಪ್ಪಿ, ಮೂರು ವರ್ಷದ ಕರಾರನ್ನು ನೋಂದಾಯಿಸದೆ ಬಿಟ್ಟಾಗ. ನೋಂದಣಿ ಇಲ್ಲದ ಅಂಥ ಕರಾರಿನ ಷರತ್ತುಗಳನ್ನು ನ್ಯಾಯಾಲಯದಲ್ಲಿ ಸಾಧಿಸುವುದು ಕಷ್ಟ. ಬೇರೆ ಒಪ್ಪಂದವಿಲ್ಲದ ವಾಸದ ಬಾಡಿಗೆಯನ್ನು ತಿಂಗಳಿಂದ ತಿಂಗಳಿಗೆ ನಡೆಯುವ, ಹದಿನೈದು ದಿನದ ನೋಟಿಸಿನಿಂದ ಮುಗಿಯುವ ಬಾಡಿಗೆ ಎಂದೇ ಕಾನೂನು ಕಾಣುತ್ತದೆ. ಲಾಕ್-ಇನ್ ನಿಜವಾಗಿ ಬೇಕಿದ್ದರೆ ಮಾಲೀಕರು ನೋಂದಣಿಗೆ ಒತ್ತಾಯಿಸುವುದೇ ಸರಿ. ನಿಮ್ಮ ಪ್ರಸಂಗದಲ್ಲಿ ಹನ್ನೊಂದು ತಿಂಗಳ ಕರಾರು, ನವೀಕರಣದ ಅವಕಾಶ, ಎರಡೂ ಕಡೆಗೆ ಎರಡು ತಿಂಗಳ ನೋಟಿಸು ಇದ್ದರೆ ಸಾಕು.

ತೆರಿಗೆಯಲ್ಲಿ ಮಾಲೀಕರ ಪಾಲಿನದು ಚಿಕ್ಕ ಮಾತು, ಆದರೆ ಅವರಿಗೆ ಹೇಳಿ ಸಮಾಧಾನಪಡಿಸುವುದು ಒಳ್ಳೆಯದು. ಬಾಡಿಗೆ ಅವರ ಆದಾಯ, ಅದರ ತೆರಿಗೆ ಅವರದು. ಕಂಪನಿ ಬಾಡಿಗೆಯಲ್ಲಿ ಟಿಡಿಎಸ್ ಕಡಿಯುತ್ತದೆಂಬ ಭಯ ಅವರಿಗಿದ್ದರೆ, 2025ರ ಏಪ್ರಿಲ್‌ನಿಂದ ಒಬ್ಬ ಮಾಲೀಕರಿಗೆ ಕೊಡುವ ಬಾಡಿಗೆ ತಿಂಗಳಿಗೆ 50,000 ಮೀರಿದಾಗ ಮಾತ್ರ ನೂರಕ್ಕೆ ಹತ್ತು ಕಡಿಯಬೇಕು; 28,000ಕ್ಕೆ ಕಡಿತವಿಲ್ಲ. ಅದೇ ಮಾಲೀಕರ ಎರಡು ಫ್ಲ್ಯಾಟುಗಳನ್ನು ಕಂಪನಿ ಹಿಡಿದರೆ ಎರಡರ ಬಾಡಿಗೆ ಕೂಡಿಸಿ ನೋಡಬೇಕು. ಕಂಪನಿಗೆ ಬಾಡಿಗೆಗೆ ಕೊಟ್ಟರೆ ತಾವೂ ಜಿಎಸ್‌ಟಿ ನೋಂದಣಿ ಮಾಡಿಸಬೇಕೇ ಎಂದು ಹಿರಿಯ ಮಾಲೀಕರು ಹೆದರುವುದುಂಟು. ರಿವರ್ಸ್ ಚಾರ್ಜ್‌ನಲ್ಲಿ ತೆರಿಗೆ ಕಟ್ಟುವ ಹೊಣೆ ಪೂರ್ತಿಯಾಗಿ ಕಂಪನಿಯ ಮೇಲಿರುವುದರಿಂದ, ಬೇರೆ ವ್ಯವಹಾರವಿಲ್ಲದೆ ಇಂಥ ಬಾಡಿಗೆ ಮಾತ್ರ ಬರುವವರಿಗೆ ಆ ನೋಂದಣಿ ಬೇಡ. ಜಿಎಸ್‌ಟಿ ನೋಂದಣಿಯೇ ಇಲ್ಲದ ಶಿಕ್ಷಣ ಸಂಸ್ಥೆಗಳು ಧಾರವಾಡದಲ್ಲಿ ಸಾಕಷ್ಟಿವೆ. ಅಂಥ ಸಂಸ್ಥೆ ತನ್ನ ಅಧ್ಯಾಪಕರಿಗಾಗಿ ಮನೆ ಹಿಡಿದರೆ ಹದಿನೆಂಟರ ಪ್ರಶ್ನೆಯೇ ಇಲ್ಲ, ಅಲ್ಲಿ ಸಂಸ್ಥೆಯ ಸಹಿ ಎಲ್ಲ ರೀತಿಯಿಂದಲೂ ಲಾಭ.

ನಿಮ್ಮ ಪಾಲಿನ ತೆರಿಗೆ ಸರಿಯಾಗಿ ಲೆಕ್ಕವಾಗಿದೆಯೇ ಎಂದು ತಿಳಿಯಲು ವರ್ಷದ ಕೊನೆಯಲ್ಲಿ ಫಾರ್ಮ್ 16ರ ಜೊತೆಗೆ ಬರುವ 12ಬಿಎ ಪಟ್ಟಿಯನ್ನು ನೋಡಿರಿ. ಅಲ್ಲಿ ವಸತಿಯ ಸಾಲಿನಲ್ಲಿ 1,80,000 ಇರಬೇಕು. 3,36,000 ಇದ್ದರೆ ಕಂಪನಿ ನಿಮ್ಮನ್ನೇ ಬಾಡಿಗೆದಾರನೆಂದು ಹಿಡಿದಿದೆ ಅಥವಾ ಲೆಕ್ಕ ತಪ್ಪಿದೆ. ಮನೆಗಾಗಿ ನಿಮ್ಮ ಸಂಬಳದಿಂದ ಕಂಪನಿ ತಿಂಗಳಿಗೆ 5,000 ಹಿಡಿದುಕೊಳ್ಳುತ್ತಿದ್ದರೆ ವರ್ಷದ 60,000ವನ್ನು ಇದರಲ್ಲಿ ಕಳೆದು 1,20,000 ಮಾತ್ರ ತೋರಿಸಬೇಕು, ಇದನ್ನು ಮರೆಯುವುದು ಸಾಮಾನ್ಯ. ಕಂಪನಿ ತನ್ನ ಸ್ವಂತ ಫ್ರಿಜ್, ಮಂಚ, ಎಸಿಗಳನ್ನು ಹಾಕಿಸಿದ್ದರೆ ಅವುಗಳ ಖರೀದಿ ಬೆಲೆಯ ನೂರಕ್ಕೆ ಹತ್ತು ಪ್ರತಿ ವರ್ಷ ಕೂಡುತ್ತದೆ. ಹೆಸ್ಕಾಂ ಬಿಲ್ಲನ್ನು ಕಂಪನಿ ಕಟ್ಟಿದರೆ ಕಟ್ಟಿದಷ್ಟೂ ನಿಮ್ಮ ಆದಾಯವೇ. ಅದಕ್ಕಿಂತ ನೀವೇ ಕಟ್ಟಿಕೊಳ್ಳುವುದು ತಲೆನೋವು ಕಡಿಮೆ.

ಈಗ ಕೆಲಸ ಬಿಡುವ ದಿನಕ್ಕೆ ಬರೋಣ. ಕಂಪನಿಯ ಹೆಸರಿನಲ್ಲಿ ಕರಾರಿದ್ದರೆ ನೀವು ಬಿಟ್ಟ ಮಾತ್ರಕ್ಕೆ ಅದು ಮುಗಿಯುವುದಿಲ್ಲ. ಕಂಪನಿ ಇನ್ನೊಬ್ಬ ನೌಕರನನ್ನು ಅಲ್ಲಿ ಇರಿಸಬಹುದು, ಅಥವಾ ಮಾಲೀಕರಿಗೆ ನೋಟಿಸು ಕೊಟ್ಟು ಮನೆ ಬಿಡಬಹುದು. ಮುಗಿಯುವುದು ನಿಮ್ಮ ವಾಸದ ಅನುಮತಿ. ಇಲ್ಲಿ ಕಾಲದ ಹೊಂದಾಣಿಕೆಯೇ ಮುಖ್ಯ: ನಿಮ್ಮ ರಾಜೀನಾಮೆಯ ನೋಟಿಸು ಎರಡು ತಿಂಗಳು, ಮನೆಯ ನೋಟಿಸೂ ಎರಡು ತಿಂಗಳು ಎಂದಿದ್ದರೆ ಎರಡೂ ಒಂದೇ ದಿನ ಹೊರಡಬೇಕು. ರಾಜೀನಾಮೆ ಒಪ್ಪಿ, ಮನೆಯ ನೋಟಿಸನ್ನು ಮಾತ್ರ ಕೊನೆಯ ವಾರದಲ್ಲಿ ಕಳಿಸುವ ಕಂಪನಿ ಖಾಲಿ ಮನೆಗೆ ಎರಡು ತಿಂಗಳ ಬಾಡಿಗೆಯನ್ನೂ ಅದರ ಮೇಲೆ ಜಿಎಸ್‌ಟಿಯನ್ನೂ ಕಟ್ಟುತ್ತದೆ, ನಂತರ ಅದನ್ನು ನಿಮ್ಮ ಅಂತಿಮ ಲೆಕ್ಕದಲ್ಲಿ ಹಿಡಿಯಲು ನೋಡುತ್ತದೆ. ಆದ್ದರಿಂದ ರಾಜೀನಾಮೆಯ ಇಮೇಲಿನಲ್ಲಿಯೇ, ಮನೆಯನ್ನು ಇಂಥ ದಿನ ಬಿಡುತ್ತೇನೆ, ಮಾಲೀಕರಿಗೆ ನೋಟಿಸು ಕೊಡಿರಿ ಎಂದು ಒಂದು ಸಾಲು ಬರೆಯಿರಿ. ನಾನು ಕೊಡುವ ಸಲಹೆಗಳಲ್ಲಿ ಇದಕ್ಕಿಂತ ಅಗ್ಗದ್ದು ಇಲ್ಲ.

ಕೀಲಿಯನ್ನು ಕೆಲಸದ ಕೊನೆಯ ದಿನಕ್ಕಿಂತ ಮುಂಚೆಯೇ ಒಪ್ಪಿಸುವುದು ಈಗ ಇನ್ನಷ್ಟು ಉಚಿತವಾಗಿದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಂತೆ, ರಾಜೀನಾಮೆ ಕೊಟ್ಟು ಹೋಗುವವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಮೊದಲಿನಂತೆ ತಿಂಗಳುಗಟ್ಟಲೆ ಲೆಕ್ಕವನ್ನು ತಡೆದಿಟ್ಟು, ಮನೆ ಖಾಲಿಯಾದ ಮೇಲೆ ಮುರಿದುಕೊಳ್ಳುವ ಅವಕಾಶ ಕಂಪನಿಗಿಲ್ಲ. ಆದ್ದರಿಂದ ಅವರು ಮನೆಯ ತಪಾಸಣೆಯನ್ನು ಮೊದಲೇ ಮುಗಿಸಲು ಬಯಸುತ್ತಾರೆ, ನಿಮಗೂ ಅದೇ ಕ್ಷೇಮ. ತಪಾಸಣೆಯ ದಿನ ಮಾಲೀಕರು, ಕಂಪನಿಯ ಪ್ರತಿನಿಧಿ, ನೀವು ಮೂವರೂ ಇರಿ. ಮೊದಲಿನ ಪಟ್ಟಿಯನ್ನು ಕೈಯಲ್ಲಿ ಹಿಡಿದು ನೋಡಿ, ಹೆಸ್ಕಾಂ ಮೀಟರಿನ ಅಂಕಿಯ ಫೋಟೋ ತೆಗೆದು, ಕೀಲಿ ಒಪ್ಪಿಸಿದ ಚೀಟಿಗೆ ಸಹಿ ಪಡೆಯಿರಿ. ಒಡೆದ ಗಾಜು, ಸುಟ್ಟ ಕಟ್ಟೆಯಂಥ ಹಾನಿಯನ್ನು ನಿಮ್ಮಿಂದ ಕೇಳಬಹುದು. ಬಳಕೆಯಿಂದ ಸಹಜವಾಗಿ ಸವೆದದ್ದನ್ನು ಕೇಳುವಂತಿಲ್ಲ. ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆಯನ್ನು ಡಿಪಾಜಿಟ್ಟಿನಲ್ಲಿ ಹಿಡಿಯುವ ರೂಢಿ ಇದ್ದರೆ, ಅದು ಮಾಲೀಕರು ಮತ್ತು ಕಂಪನಿಯ ನಡುವಿನ ಮಾತು.

ಡಿಪಾಜಿಟ್ಟಿನ ವಿಷಯದಲ್ಲಿ ನಾನು ಕಂಡ ಒಂದು ಪ್ರಸಂಗವನ್ನು ಹೇಳಲೇಬೇಕು. ಕೇಶ್ವಾಪುರದ ಕಡೆಯ ಒಬ್ಬ ಮಾಲೀಕರು, ಎರಡು ವರ್ಷ ತಮ್ಮ ಮನೆಯಲ್ಲಿದ್ದ ಅಧಿಕಾರಿ ಮನೆ ಬಿಟ್ಟಾಗ, ಪರಿಚಯದ ವಿಶ್ವಾಸದಿಂದ ಡಿಪಾಜಿಟ್ಟನ್ನು ಅವರ ಖಾತೆಗೇ ಹಾಕಿದರು. ಅಧಿಕಾರಿಯೂ ಅದನ್ನು ತಮ್ಮ ಅಂತಿಮ ಲೆಕ್ಕದ ಭಾಗವೆಂದೇ ತಿಳಿದರಂತೆ. ಮೂರು ತಿಂಗಳ ನಂತರ ಕಂಪನಿಯ ಲೆಕ್ಕ ತಪಾಸಣೆಯಲ್ಲಿ ಡಿಪಾಜಿಟ್ ಬಾಕಿ ಎಂದು ಕಂಡಿತು, ಮಾಲೀಕರಿಗೆ ನೋಟಿಸು ಹೋಯಿತು. ಹಣ ಕೊಟ್ಟವರಿಗೇ ಹಣ ಮರಳಿಸಬೇಕು. ಬೇರೆಯವರಿಗೆ ಕೊಟ್ಟರೆ ಸಾಲ ತೀರುವುದಿಲ್ಲ. ಕೊನೆಗೆ ಆ ಅಧಿಕಾರಿಯಿಂದ ಹಣ ವಾಪಸು ತರಿಸಲು ಎಂಟು ತಿಂಗಳು ಹಿಡಿಯಿತು, ನಡುವೆ ಇಬ್ಬರು ವಕೀಲರ ಶುಲ್ಕ. ಡಿಪಾಜಿಟ್ ಮರಳುವ ಖಾತೆಯ ಸಂಖ್ಯೆಯನ್ನು ಕರಾರಿನಲ್ಲಿಯೇ ಬರೆಯಿರಿ ಎಂದು ಮೇಲೆ ಹೇಳಿದ್ದು ಇದಕ್ಕಾಗಿಯೇ.

ಕೆಲಸ ಬಿಟ್ಟ ಮೇಲೂ ನೌಕರ ಮನೆ ಬಿಡದಿದ್ದರೆ ಏನು? ಅನುಮತಿ ಮುಗಿದ ಮೇಲೂ ಕಂಪನಿಯ ಆಸ್ತಿಯನ್ನು ಹಿಡಿದಿಟ್ಟುಕೊಳ್ಳುವುದು 2013ರ ಕಂಪನಿಗಳ ಕಾಯಿದೆಯ 452ನೇ ಕಲಮಿನಂತೆ ಅಪರಾಧ. ಒಂದು ಲಕ್ಷದಿಂದ ಐದು ಲಕ್ಷದವರೆಗೆ ದಂಡವಿದೆ, ನ್ಯಾಯಾಲಯ ಹೇಳಿದ ಕಾಲದೊಳಗೆ ಒಪ್ಪಿಸದಿದ್ದರೆ ಎರಡು ವರ್ಷದವರೆಗೆ ಜೈಲೂ ಆಗಬಹುದು. ನಾನೀಗ ನೌಕರನಲ್ಲ, ಆದ್ದರಿಂದ ಈ ಕಲಮು ನನಗೆ ತಗಲುವುದಿಲ್ಲ ಎಂಬ ವಾದವನ್ನು ಇದೇ ರೂಪದ ಹಳೆಯ ಕಲಮಿನ ವಿಷಯದಲ್ಲಿ ಸುಪ್ರೀಂ ಕೋರ್ಟ್ 1987ರಲ್ಲಿಯೇ ತಳ್ಳಿಹಾಕಿದೆ. ಹಾಗೆಂದು ಕಂಪನಿ ತಾನೇ ಬೀಗ ಬದಲಿಸಿ ಸಾಮಾನು ಹೊರಗೆ ಹಾಕುವಂತಿಲ್ಲ, ನ್ಯಾಯಾಲಯದ ದಾರಿಯಲ್ಲಿಯೇ ಹೋಗಬೇಕು. ಅಷ್ಟರವರೆಗೆ ಮಾಲೀಕರಿಗೆ ಬಾಡಿಗೆ ಕೊಡುವ ಹೊಣೆಯೂ, ಖಾಲಿ ಮನೆಯನ್ನು ಒಪ್ಪಿಸುವ ಹೊಣೆಯೂ ಕಂಪನಿಯದೇ; ಮಾಲೀಕರು ಕಂಪನಿಯ ಸಹಿಗಾಗಿ ಪಟ್ಟು ಹಿಡಿದಿರುವುದರ ಅರ್ಥ ಇದು.

ಮಕ್ಕಳ ಶಾಲೆಯ ವರ್ಷ ಮುಗಿಯುವವರೆಗೆ ಅದೇ ಮನೆಯಲ್ಲಿ ಇರಬೇಕೆಂದಿದ್ದರೆ ಮುಚ್ಚುಮರೆ ಬೇಡ. ಕಂಪನಿಯ ಕರಾರನ್ನು ಒಂದು ದಿನಾಂಕಕ್ಕೆ ಮುಗಿಸಿ, ಮರುದಿನದಿಂದ ನಿಮ್ಮ ಹೆಸರಿನಲ್ಲಿ ಹೊಸ ಕರಾರು ಮಾಡಿಕೊಳ್ಳಿರಿ. ನೀವು ಮಾಲೀಕರಿಗೆ ಒಂದೂವರೆ ಲಕ್ಷ ಕೊಟ್ಟು, ಅವರು ಕಂಪನಿಗೆ ಒಂದೂವರೆ ಲಕ್ಷ ಮರಳಿಸಿದರೆ ಡಿಪಾಜಿಟ್ಟೂ ಸರಿಹೋಗುತ್ತದೆ. ಆ ದಿನದಿಂದ ಜಿಎಸ್‌ಟಿ ಇಲ್ಲ, ಮಾಲೀಕರ ಆದಾಯವೂ ನಿಲ್ಲುವುದಿಲ್ಲ. ಕೆಲಸ ಬಿಡದೆ ಬೇರೆ ಊರಿಗೆ ವರ್ಗವಾಗಿ, ಅಲ್ಲಿಯೂ ಕಂಪನಿ ಮನೆ ಕೊಟ್ಟು, ಹುಬ್ಬಳ್ಳಿಯ ಮನೆಯಲ್ಲಿ ಸಂಸಾರ ಉಳಿದರೆ, ಮೊದಲ 90 ದಿನ ಎರಡರಲ್ಲಿ ಕಡಿಮೆ ಬೆಲೆಯ ಮನೆಯನ್ನು ಮಾತ್ರ ನಿಮ್ಮ ಆದಾಯಕ್ಕೆ ಸೇರಿಸುತ್ತಾರೆ, ಆಮೇಲೆ ಎರಡನ್ನೂ.

ಕೊನೆಯದಾಗಿ ನೀವು ಬಿಡುವ ವರ್ಷದ ಲೆಕ್ಕ. ಸೆಪ್ಟೆಂಬರ್ ಕೊನೆಗೆ ಬಿಟ್ಟಿರೆಂದು ಇಟ್ಟುಕೊಂಡರೆ, ನೂರಕ್ಕೆ ಹತ್ತನ್ನು ಇಡೀ ವರ್ಷದ ಸಂಬಳದ ಮೇಲಲ್ಲ, ಆ ಮನೆಯಲ್ಲಿದ್ದ ಆರು ತಿಂಗಳ ಸಂಬಳವಾದ ಒಂಬತ್ತು ಲಕ್ಷದ ಮೇಲೆ ಮಾತ್ರ ಹಾಕಬೇಕು. ಆರು ತಿಂಗಳ ಬಾಡಿಗೆ 1,68,000, ಅದಕ್ಕಿಂತ ಕಡಿಮೆಯಾದ 90,000 ನಿಮ್ಮ ಆದಾಯಕ್ಕೆ ಸೇರುತ್ತದೆ. ಬಿಡುವಾಗ ಒಟ್ಟಿಗೆ ಸಿಗುವ ಗ್ರಾಚ್ಯುಟಿ ಮತ್ತು ರಜೆಯ ನಗದೀಕರಣದ ಮೊತ್ತಗಳನ್ನು ಈ ಸಂಬಳದಲ್ಲಿ ಸೇರಿಸಬಾರದು. ಅಂತಿಮ ಲೆಕ್ಕದ ಹಾಳೆ ಕೈಗೆ ಬಂದಾಗ ವಸತಿಯ ಸಾಲಿನ ಮುಂದಿರುವ ಅಂಕಿ 90,000ಕ್ಕಿಂತ ಹೆಚ್ಚಿದ್ದರೆ, ಬಹುಮಟ್ಟಿಗೆ ಆ ಮೊತ್ತಗಳು ಅದರಲ್ಲಿ ನುಸುಳಿರುತ್ತವೆ. ಹಾಳೆಗೆ ಸಹಿ ಹಾಕುವ ಮೊದಲೇ ತಿದ್ದಿಸಿಕೊಳ್ಳಿರಿ.